ಲೀಲ್‌ನ ಹಾಸ್ಟೆಲಿನಲ್ಲಿ ಶಿರಸಿಯ ಡಿಕಾಕ್ಷನ್

ತಮ್ಮ ಓದಲು ಹೋಗಿರುವುದು ಫ್ರಾನ್ಸಿನ ಉತ್ತರ ಅಂಚಿನ ಲೀಲ್ ನಗರಕ್ಕೆ. ನಾನು ಶಿರಸಿಯ ಸಿ.ಪಿ. ಬಜಾರಿನ ಹತ್ತಿರ, ಅಪ್ಪ ಹಾಕಿದ ಕಾಫಿ ಪುಡಿಯ ಗಿರಣಿ ನಡೆಸುತ್ತೇನೆ. ಫಿಲ್ಟರ್ ಇಲ್ಲದ ಅವನ ಹಾಸ್ಟೆಲಿನಲ್ಲಿ ಫಿಲ್ಟರ್ ಕಾಫಿ ಇಳಿಸಲು ನಾವಿಬ್ಬರೂ ಫೋನಿನಲ್ಲಿ ನಡೆಸಿದ ಕೆಲಸದ ಟಿಪ್ಪಣಿ ಇದು. ಗಿರಣಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಚಿಟ್ಟಿದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹೋಗುವಾಗ ಫಿಲ್ಟರ್ ಒಯ್ಯಲಿಲ್ಲವೇ ಎಂದು ಅಂಗಡಿಗೆ ಬರುವವರೆಲ್ಲ ಕೇಳಿದ್ದಾರೆ. ಆಯಿ ಕಟ್ಟಿಟ್ಟಿದ್ದಳು. ಚೀಲ ತೂಗಿದಾಗ ಭಾರ ಹೆಚ್ಚಾಯಿತು. ಅಪ್ಪೆಮಿಡಿ ಉಪ್ಪಿನಕಾಯಿ, ಕಷಾಯದ ಪುಡಿ, ಫಿಲ್ಟರ್, ಈ ಮೂರರಲ್ಲಿ ಒಂದು ಹೊರಗೆ ಬರಬೇಕಿತ್ತು. ಬೆಳಿಗ್ಗೆ ಕಷಾಯ ಕುಡಿದರೆ ಸಾಕು ಎಂದು ತಮ್ಮನೇ ಫಿಲ್ಟರ್ ತೆಗೆದಿಟ್ಟ. ಎರಡು ಸ್ಟೀಲ್ ಲೋಟಗಳು ಮಾತ್ರ ಬಟ್ಟೆಯ ನಡುವೆ ಉಳಿದುಕೊಂಡವು. ಹೊನ್ನಾವರದ ಹುಡುಗಿಯೊಬ್ಬಳು ಜನವರಿಯಲ್ಲಿ ಅಲ್ಲಿಗೇ ಓದಲು ಹೋಗುವವಳಿದ್ದಳು. ಅವಳ ಕೈಯಲ್ಲಿ ಫಿಲ್ಟರ್ ಕಳಿಸುವುದೆಂದು ಆಯಿ ತೀರ್ಮಾನಿಸಿಯೂ ಆಗಿತ್ತು. ಆದರೆ ಆಗಿನ್ನೂ ನವೆಂಬರ್.

ನವೆಂಬರ್, ಮೊದಲ ವಾರ

ಆಯಿ ದಿನವೂ ಫೋನಿನಲ್ಲಿ ಮೊದಲು ಕೇಳುವುದು, "ಮಾಣಿ, ಆಸರಿಗೆ ಏನು ಕುಡಿದೆ?" ಅವನು ಏನೋ ಒಂದು ಹೇಳಿ ಮಾತು ಬದಲಿಸುತ್ತಿದ್ದ. ಅಲ್ಲಿ ಬೆಳಿಗ್ಗೆ ಏಳು ಗಂಟೆಯಾದಾಗ ನಮಗೆ ಹನ್ನೊಂದೂವರೆ. ಗಿರಣಿಯಲ್ಲಿ ಹುರಿದ ಬೀಜ ತಣಿಯಲು ಹರಡುವ ಹೊತ್ತು. ಹಿಂದೆ ಹುರಿಯುವ ಡ್ರಮ್ಮಿನ ಸದ್ದು ಕೇಳಿಸಿದ ಒಂದು ದಿನ ಅವನು ಮಾತಿನ ನಡುವೆಯೇ ಸುಮ್ಮನಾದ. ಆಮೇಲೆ ಹೇಳಿದ: "ಅಕ್ಕಾ, ಇಲ್ಲಿಯ ಕಾಫಿ ಕೆಟ್ಟದ್ದೇನಲ್ಲ. ಆದರೆ ಕುಡಿದ ಮೇಲೂ ಇನ್ನೂ ಕಾಫಿ ಕುಡಿಯಬೇಕು ಅನ್ನಿಸುತ್ತಲೇ ಇರುತ್ತದೆ."

ಅವನಲ್ಲಿ ಏನೇನಿದೆ ಎಂದು ಕೇಳಿ ಬರೆದುಕೊಂಡೆ. ಒಂಬತ್ತು ಚದರ ಮೀಟರಿನ ಕೋಣೆ, ಅದರಲ್ಲಿ ಒಂದು ಕರೆಂಟಿನ ಕೆಟಲ್. ಮೊಗಸಾಲೆಯ ತುದಿಗೆ ಎಲ್ಲರಿಗೂ ಸೇರಿದ ಅಡುಗೆಮನೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅಲ್ಲಿ ಎರಡು ವಿದ್ಯುತ್ ಒಲೆ, ಒಂದು ಪಾತ್ರೆ ತೊಳೆಯುವ ತೊಟ್ಟಿ, ತಲೆಯ ಮೇಲೆ ಹೊಗೆ ಕಂಡರೆ ಕೂಗುವ ಯಂತ್ರ. ಪಕ್ಕದ ಕೋಣೆಯವನ ಹತ್ತಿರ ಕಾಗದದ ಶೋಧಕ ಇಡುವ ಪ್ಲಾಸ್ಟಿಕ್ಕಿನ ಆಲಿಕೆ. ಅದರಲ್ಲಿ ಕಾಫಿ ಇಳಿಸಿ ಹಾಲು ಬೆರೆಸಿದ್ದನಂತೆ, ನೀರು ನೀರಾಯಿತು.

ಅದು ನೀರಾಗಲೇಬೇಕು. ಆಲಿಕೆಯ ಕಾಫಿಯನ್ನು ಹಾಗೆಯೇ ಕಪ್ಪಾಗಿ ಕುಡಿಯಲೆಂದು ಮಾಡುತ್ತಾರೆ. ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಪುಡಿ. ನಾವು ಎರಡು ಲೋಟ ಕಾಫಿಗೆ 25 ಗ್ರಾಂ ಪುಡಿಯ ಮೇಲೆ 120 ಮಿಲಿ ನೀರು ಹಾಕುತ್ತೇವೆ, ಲೀಟರಿನ ಲೆಕ್ಕದಲ್ಲಿ 200 ಗ್ರಾಮಿಗೂ ಹೆಚ್ಚು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಕೆಳಗೆ ಸಿಗುವುದು 70 ಮಿಲಿ ಡಿಕಾಕ್ಷನ್. ಮೂರು ಪಾಲು ಹಾಲು ಸುರಿದರೂ ಎದ್ದು ನಿಲ್ಲುವುದು ಅದೇ. ತಮ್ಮನಿಗೆ ಬೇಕಾಗಿದ್ದದ್ದು ಹೆಚ್ಚು ಕಾಫಿಯಲ್ಲ, ಸ್ವಲ್ಪವೇ ನೀರು ತುಂಬ ಪುಡಿಯ ಮೂಲಕ ನಿಧಾನವಾಗಿ ಇಳಿಯುವ ಒಂದು ವ್ಯವಸ್ಥೆ.

ಲೋಟಕ್ಕೆ ತೂತು

ಹೆಚ್ಚಿನವರು ಫಿಲ್ಟರಿನ ನಿಧಾನಕ್ಕೆ ಅದರ ಸಣ್ಣ ತೂತುಗಳೇ ಕಾರಣ ಎಂದುಕೊಳ್ಳುತ್ತಾರೆ. ಗಿರಣಿಯಲ್ಲಿ ರುಚಿ ನೋಡಲು ಇಟ್ಟಿರುವ ಎರಡು ಲೋಟದ ಫಿಲ್ಟರಿಗೆ ಪುಡಿ ಹಾಕದೆ ಬರೀ ನೀರು ಸುರಿದು ತಮ್ಮನಿಗೆ ವಿಡಿಯೋದಲ್ಲಿ ತೋರಿಸಿದೆ. ಅರೆ ನಿಮಿಷವೂ ಹಿಡಿಯಲಿಲ್ಲ, ನೀರೆಲ್ಲ ಕೆಳಗೆ. ಅದೇ ಫಿಲ್ಟರಿಗೆ ಪುಡಿ ಹಾಕಿ ಅಷ್ಟೇ ನೀರು ಹಾಕಿದರೆ ಇಪ್ಪತ್ತು ನಿಮಿಷ ಬೇಕು. ಅಂದರೆ ನೀರನ್ನು ತಡೆಯುವುದು ಪುಡಿಯ ಪದರ. ತೂತಿನ ಕೆಲಸ ಪುಡಿ ಬೀಳದಂತೆ ನೋಡಿಕೊಳ್ಳುವುದಷ್ಟೇ. ಇದು ತಿಳಿದರೆ ಅರ್ಧ ಕೆಲಸ ಹಗುರ. ಕೂದಲಿನಂಥ ತೂತು ಕೊರೆಯಬೇಕಾಗಿಲ್ಲ. ದೊಡ್ಡ ತೂತನ್ನೇ ಕೊರೆದು ಅದರ ಮೇಲೊಂದು ಬಟ್ಟೆಯ ಬಿಲ್ಲೆ ಹಾಸಿದರೂ ನಡೆಯುತ್ತದೆ.

ಡಬ್ಬಿಯಲ್ಲಿ ಬರುವ ಬಟಾಣಿಯ ತಗಡು ಸುಲಭವಾಗಿ ಸಿಗುತ್ತದೆ, ಅದನ್ನೇ ಮೊಳೆಯಿಂದ ಚುಚ್ಚುತ್ತೇನೆ ಎಂದ. ನಾನು ಬೇಡವೆಂದೆ. ಅಂಥ ಡಬ್ಬಿಗಳ ಒಳಮೈಗೆ ತೆಳ್ಳಗಿನ ಲೇಪ ಇರುತ್ತದೆ. ಚುಚ್ಚಿದ ಕಡೆ ಲೇಪ ಒಡೆದು ಕಬ್ಬಿಣ ಹೊರಗೆ ಬರುತ್ತದೆ, ಎರಡು ದಿನಕ್ಕೆ ತುಕ್ಕು ಹಿಡಿಯುತ್ತದೆ. ಆಯಿ ಕೊಟ್ಟ ಲೋಟಗಳೇ ಸರಿ. ಸ್ಟೀಲಿಗೆ ಮೊಳೆ ಹೊಡೆದರೆ ತಳ ನೆಗ್ಗುತ್ತದೆ, ತೂತಿನ ಅಂಚು ಹರಿದು ಮುಳ್ಳಾಗುತ್ತದೆ. ಹಾಗಾಗಿ ಅದನ್ನು ಕೊರೆಯಲೇ ಬೇಕು.

ಅವನ ವಿಭಾಗದ ಕಾರ್ಯಾಗಾರದಲ್ಲಿ ಒಂದು ಮಿಲಿಮೀಟರಿನ ಕೊರೆಮೊಳೆ ಇತ್ತು. ಅಲ್ಲಿಯ ಹಿರಿಯ ತಂತ್ರಜ್ಞರು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, ಏಕೆಂದು ಕೇಳಿ, ತಾವೇ ಮೊದಲ ತೂತು ಹಾಕಿ ತೋರಿಸಿದರಂತೆ. ಲೋಟದ ಒಳಗೆ ಸರಿಯಾಗಿ ಕೂರುವ ಮರದ ತುಂಡು ಇಟ್ಟು, ಲೋಟ ಬೋರಲು ಹಾಕಿ, ತಳದ ಮೇಲೆ ಒಂದು ಹನಿ ಎಣ್ಣೆ. ಯಂತ್ರ ನಿಧಾನವಾಗಿ ತಿರುಗಬೇಕು, ಕೈ ಬಿಗಿಯಾಗಿ ಒತ್ತಬೇಕು. ಒತ್ತದೆ ವೇಗವಾಗಿ ತಿರುಗಿಸಿದರೆ ಮೊಳೆ ಕೊರೆಯದೆ ಬರೀ ಉಜ್ಜುತ್ತದೆ, ಉಜ್ಜಿದ ಜಾಗದಲ್ಲಿ ಸ್ಟೀಲು ಇನ್ನಷ್ಟು ಗಟ್ಟಿಯಾಗುತ್ತದೆ, ಆಮೇಲೆ ಆ ಜಾಗದಲ್ಲಿ ಯಾವ ಮೊಳೆಯೂ ಇಳಿಯುವುದಿಲ್ಲ. ಕೊರೆಯುವಾಗ ಸಣ್ಣ ಸುರುಳಿ ಎದ್ದು ಬಂದರೆ ಸರಿಯಾಗಿ ಕೊರೆಯುತ್ತಿದೆ ಎಂದರ್ಥ. ಪುಡಿಯೂ ಇಲ್ಲ, ಸುರುಳಿಯೂ ಇಲ್ಲ, ತಳ ಮಾತ್ರ ಬಿಸಿಯಾಗುತ್ತಿದೆ ಎಂದರೆ ನಿಲ್ಲಿಸಬೇಕು. ಅರ್ಧ ಸೆಂಟಿಮೀಟರಿಗೊಂದರಂತೆ ತಳದ ತುಂಬ ತೂತು ಹಾಕಿ, ಒಳಗಿನ ಮುಳ್ಳನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಎಣ್ಣೆ ಹೋಗುವ ತನಕ ಸೋಪಿನ ಬಿಸಿನೀರಿನಲ್ಲಿ ತೊಳೆದ.

ಒಂದು ಮಿಲಿಮೀಟರಿನ ತೂತಿನಲ್ಲಿ ನಯವಾದ ಪುಡಿ ಮೊದಲ ನೀರಿಗೇ ಕೆಳಗೆ ಬೀಳುತ್ತದೆ. ಅದಕ್ಕೆ ತಳದಲ್ಲಿ ಹಾಸಲು ಹತ್ತಿ ಬಟ್ಟೆಯ ಬಿಲ್ಲೆ. ಶಿರಸಿ, ಸಿದ್ದಾಪುರದ ಕಡೆ ಹಳೆಯ ಮನೆಗಳಲ್ಲಿ ಕಾಫಿಯನ್ನು ಬಟ್ಟೆಯಲ್ಲೇ ಸೋಸುತ್ತಿದ್ದರು. ನಮ್ಮ ಅಜ್ಜಿಯದೂ ಅದೇ ಕ್ರಮ. ಅವನ ಚೀಲದಲ್ಲಿದ್ದ ಹಳೆಯ ಪಂಚೆಯ ಅಂಚಿನಿಂದ ಲೋಟದ ತಳಕ್ಕಿಂತ ಒಂದು ಬೆರಳು ಅಗಲವಾಗಿ ಕತ್ತರಿಸಲು ಹೇಳಿದೆ. ಅಂಚು ಗೋಡೆಯ ಮೇಲೆ ತುಸು ಏರಿ ಕೂರಬೇಕು, ಇಲ್ಲದಿದ್ದರೆ ಪುಡಿ ಬದಿಯಿಂದ ನುಸುಳುತ್ತದೆ. ಹಾಕುವ ಮೊದಲು ಕುದಿಸಿ ಹಿಂಡಬೇಕು. ಬಳಸಿದ ಮೇಲೆ ಸೋಪು ತಾಗಿಸದೆ ಬಿಸಿನೀರಿನಲ್ಲಿ ಜಾಲಾಡಿ ಪೂರ್ತಿ ಒಣಗಿಸಬೇಕು. ಒದ್ದೆಯಾಗಿಟ್ಟ ಬಟ್ಟೆಯಲ್ಲಿ ಕಾಫಿಯ ಎಣ್ಣೆ ಹಳಸಿ ಮರುದಿನದ ಡಿಕಾಕ್ಷನ್ ಮುಗ್ಗಲು ನಾರುತ್ತದೆ.

ಹನಿ ನಿಂತದ್ದು

ಇನ್ನು ಕೆಳಗಿನ ಪಾತ್ರೆ. ಎರಡು ಲೋಟಗಳೂ ಒಂದೇ ಅಳತೆಯವು, ಬಾಯಿ ಅಗಲ, ತಳ ಕಿರಿದು. ಒಂದರೊಳಗೆ ಒಂದು ಇಟ್ಟರೆ ಪೂರ್ತಿ ಇಳಿದು ಕೂರುತ್ತವೆ, ಡಿಕಾಕ್ಷನ್ನಿಗೆ ಜಾಗವೇ ಇರುವುದಿಲ್ಲ. ಖಾಲಿಯಾದ ಜಾಮಿನ ಗಾಜಿನ ಭರಣಿಯ ಬಾಯಲ್ಲಿ ಲೋಟ ಅರ್ಧಕ್ಕೆ ಸಿಕ್ಕಿ ಗಟ್ಟಿಯಾಗಿ ನಿಂತಿತು. ಅಲುಗಾಡುವುದಿಲ್ಲ, ಆವಿ ಹೊರಗೆ ಹೋಗುವುದಿಲ್ಲ ಎಂದು ಇಬ್ಬರಿಗೂ ಖುಷಿಯಾಯಿತು.

ಅಲ್ಲಿಯ ಅಂಗಡಿಯ ಪುಡಿಯನ್ನೇ ಹಾಕಿ ಬಿಸಿನೀರು ಸುರಿದ. ನಾನು ಫೋನಿನಲ್ಲಿ ನೋಡುತ್ತಿದ್ದೆ. ಮೊದಲು ನಾಲ್ಕಾರು ಹನಿ ಚುರುಕಾಗಿ ಬಿದ್ದವು. ಆಮೇಲೆ ನಿಂತೇ ಹೋಯಿತು. ಭರಣಿಯ ತಳದಲ್ಲಿ ಕಾಲು ಚಮಚದಷ್ಟು ಕಪ್ಪು, ಮೇಲೆ ಲೋಟದ ತುಂಬ ನೀರು. ಬಟ್ಟೆ ಕಟ್ಟಿಕೊಂಡಿತು ಎಂದು ಅವನು ಚಮಚದಿಂದ ಪುಡಿ ಕಲಕಲು ಹೊರಟ. ಕಲಕಬೇಡ, ಮೊದಲು ಮೇಲಿನ ಲೋಟವನ್ನು ಕೂದಲಿನಷ್ಟು ಎತ್ತು ಎಂದೆ. ಎತ್ತಿದ ಕೂಡಲೇ ಸಣ್ಣಗೆ ಉಸಿರು ಬಿಟ್ಟ ಸದ್ದು ಬಂತು, ಹನಿ ಮತ್ತೆ ಬೀಳತೊಡಗಿತು. ಮತ್ತೆ ಇಟ್ಟರೆ ಮತ್ತೆ ನಿಂತಿತು.

ಇದು ಗಾಳಿಯ ತಡೆ. ಮನೆಯ ಫಿಲ್ಟರುಗಳಲ್ಲೂ ಆಗುತ್ತದೆ, ತಪ್ಪನ್ನು ಮಾತ್ರ ಪುಡಿಯ ಮೇಲೆ ಹಾಕುತ್ತಾರೆ. ಭರಣಿಯೊಳಗೆ ಹನಿ ಬೀಳಬೇಕಾದರೆ ಅಷ್ಟೇ ಗಾಳಿ ಹೊರಗೆ ಹೋಗಬೇಕು. ಸಂದು ಬಿಗಿಯಾಗಿದ್ದು, ಮೇಲಾಗಿ ಒದ್ದೆಯಾಗಿದ್ದರೆ ಗಾಳಿ ಒಳಗೇ ಒತ್ತಿಕೊಂಡು ಉಳಿಯುತ್ತದೆ. ಮೇಲಿನಿಂದ ತಳ್ಳುವುದು ಬರೀ ನಾಲ್ಕೈದು ಸೆಂಟಿಮೀಟರ್ ನೀರಿನ ಭಾರ. ವಾತಾವರಣದ ಒತ್ತಡ ಎಂದರೆ ಸುಮಾರು ಹತ್ತು ಮೀಟರ್ ನೀರಿನ ಭಾರ, ಅದರ ಎದುರು ಇದು ಇನ್ನೂರರಲ್ಲಿ ಒಂದು ಪಾಲು. 200 ಮಿಲಿಯ ಭರಣಿಯಲ್ಲಿ ಒಂದು ಮಿಲಿ ಡಿಕಾಕ್ಷನ್ ಬಿದ್ದರೆ ಸಾಕು, ಒಳಗಿನ ಗಾಳಿ ಅಷ್ಟು ಭಾರವನ್ನು ಸರಿಗಟ್ಟಿ ತಡೆದು ನಿಲ್ಲಿಸುತ್ತದೆ. ಬಿಸಿ ಡಿಕಾಕ್ಷನ್ನಿನ ಆವಿ ಸೇರಿದರೆ ಇನ್ನೂ ಬೇಗ. ಕಾಲು ಚಮಚಕ್ಕೆ ನಿಂತದ್ದು ಅದಕ್ಕೇ.

ಎರಡು ತಡೆಗಳನ್ನು ಬೇರೆ ಮಾಡಿ ನೋಡುವ ಬಗೆಯೂ ಇಷ್ಟೇ. ಮೇಲಿನ ಪಾತ್ರೆ ಎತ್ತಿದಾಗ ಹನಿ ಶುರುವಾದರೆ ಗಾಳಿ, ಎತ್ತಿದರೂ ಬೀಳದಿದ್ದರೆ ಪುಡಿ. ಆಯಿ ದಿನಾ ಬೆಳಿಗ್ಗೆ ಫಿಲ್ಟರಿನ ತಲೆ ಹಿಡಿದು ಒಮ್ಮೆ ತಿರುಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವಳ ಕೈ ಕಂಡುಕೊಂಡ ಉಪಾಯ ಅದು. ತಮ್ಮ ಕಾಗದ ಸಿಕ್ಕಿಸುವ ತಂತಿಯ ಕ್ಲಿಪ್ಪನ್ನು ಬಿಡಿಸಿ ನೇರಮಾಡಿ, ಭರಣಿಯ ಬಾಯಿಗೂ ಲೋಟಕ್ಕೂ ನಡುವೆ ಕೊಕ್ಕೆಯ ಹಾಗೆ ತೂಗುಹಾಕಿದ. ತಂತಿಯ ದಪ್ಪದಷ್ಟು ಸಂದು ಉಳಿಯಿತು. ಅಲ್ಲಿಂದ ಮುಂದೆ ಹನಿ ನಿಂತಿಲ್ಲ.

ಪುಡಿ ಮತ್ತು ಚಿಕೋರಿ

ಹನಿ ನಿಲ್ಲುವುದು ಹೋಗಿ ಓಡುವುದು ಬಂತು. 120 ಮಿಲಿ ನೀರು ಮೂರ್ನಾಲ್ಕು ನಿಮಿಷಕ್ಕೆ ಕೆಳಗೆ ಸೇರಿಬಿಡುತ್ತಿತ್ತು. ಬಣ್ಣ ಚಹಾದ್ದು, ರುಚಿ ಹುಳಿ. ಪುಡಿಯನ್ನು ಬೆರಳಲ್ಲಿ ಉಜ್ಜಿ ಹೇಳು ಎಂದೆ. ಉಪ್ಪಿಟ್ಟಿನ ರವೆಯಷ್ಟು ತರಿ ಎಂದ. ನಮ್ಮ ಫಿಲ್ಟರ್ ಪುಡಿ ಚಿರೋಟಿ ರವೆಗಿಂತಲೂ ತುಸು ನಯವಾಗಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಮಾರುವ ಪುಡಿ ಕಾಗದದ ಆಲಿಕೆಗೆಂದು ಬೀಸಿದ್ದು. ಅದೇ ಸಾಲಿನಲ್ಲಿ ಎಸ್ಪ್ರೆಸ್ಸೋಗೆಂದು ಬೀಸಿದ ಪೊಟ್ಟಣ ಇರುತ್ತದೆ, ಅದು ನಯ. ಅದರಲ್ಲೂ ಗಾಢವಾಗಿ ಹುರಿದದ್ದನ್ನು, ರೋಬಸ್ಟಾ ಬೆರೆಸಿದ್ದನ್ನು ಹುಡುಕು ಎಂದೆ. ಅರೇಬಿಕಾ ಒಂದೇ ಇದ್ದರೆ ಪರಿಮಳ ಬರುತ್ತದೆ, ಹಾಲಿನಲ್ಲಿ ಮೈ ನಿಲ್ಲುವುದಿಲ್ಲ. ನಯವಾದ ಪುಡಿಯಲ್ಲಿ ಹತ್ತು ನಿಮಿಷದ ಹತ್ತಿರ ಬಂತು. ಆದರೂ ಡಿಕಾಕ್ಷನ್ ತೆಳ್ಳಗೆ, ಲೋಟದ ಗೋಡೆಗೆ ಅಂಟುತ್ತಿರಲಿಲ್ಲ.

ಕೊರತೆ ಚಿಕೋರಿಯದು. ನಮ್ಮಲ್ಲಿ ಮನೆಗೆ ಒಯ್ಯುವವರು 80ಕ್ಕೆ 20 ಅಥವಾ 70ಕ್ಕೆ 30 ಕೇಳುತ್ತಾರೆ, ಕೆಲವು ಹೋಟೆಲುಗಳು 60ಕ್ಕೆ 40. ಕಾಫಿಯ ಪಾಲು 51ಕ್ಕಿಂತ ಕಡಿಮೆಯಾಗಬಾರದೆಂದು ಕಾನೂನೇ ಇದೆ, ಎರಡರ ಪಾಲನ್ನೂ ಪೊಟ್ಟಣದ ಮೇಲೆ ಬರೆಯಬೇಕು. ಚಿಕೋರಿಯನ್ನು ಬರೀ ಕಲಬೆರಕೆಯೆಂದು ತಿಳಿದವರಿಗೆ ನಾನು ಅಂಗಡಿಯಲ್ಲಿ ಹೇಳುವುದು ಇದು: ಫಿಲ್ಟರಿನಲ್ಲಿ ಅದಕ್ಕೆ ತನ್ನದೇ ಕೆಲಸವಿದೆ. ಹುರಿದ ಕಾಫಿಯಲ್ಲಿ ನೀರಿಗೆ ಕರಗುವ ಅಂಶ ಮೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ಹುರಿದ ಚಿಕೋರಿ ಬೇರಿನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು. ಅದು ನೆನೆದು ಅಂಟಾಗಿ ಪುಡಿಯ ಸಂದುಗಳನ್ನು ತುಂಬುತ್ತದೆ, ನೀರು ತಡೆದು ಇಳಿಯುತ್ತದೆ, ಡಿಕಾಕ್ಷನ್ನಿಗೆ ಬಣ್ಣವೂ ದಪ್ಪವೂ ಬರುತ್ತವೆ. ಅದರಲ್ಲಿ ಕೆಫೀನ್ ಇಲ್ಲ, ಪರಿಮಳವೂ ಅಷ್ಟಕ್ಕಷ್ಟೇ. ಡಿಕಾಕ್ಷನ್ ಕಪ್ಪಗೆ, ಸಿಹಿ ಕಹಿಯಾಗಿ, ಮೂಗಿಗೆ ಮಾತ್ರ ಏನೂ ಸಿಗದಂತಾದರೆ ಚಿಕೋರಿ ಹೆಚ್ಚಾಯಿತೆಂದೇ ತಿಳಿಯಬೇಕು.

ನೂರು ಗ್ರಾಂ ಚಿಕೋರಿ ಅಂಚೆಯಲ್ಲಿ ಕಳಿಸೋಣ ಎಂದು ಆಯಿ ಪೊಟ್ಟಣವನ್ನೂ ಕಟ್ಟಿದಳು. ಅಷ್ಟರಲ್ಲಿ ತಮ್ಮನ ಫೋನು ಬಂತು. ಆಲಿಕೆಯ ಹುಡುಗ, ಪಕ್ಕದ ಕೋಣೆಯವನು, ಲೀಲ್‌ನ ಹತ್ತಿರದ ಓರ್ಷಿ ಎಂಬ ಊರಿನ ಕಡೆಯವನು. ಚಿಕೋರಿ ಎಂದ ಕೂಡಲೇ ಅವನು, ನಮ್ಮ ಅಜ್ಜಿ ಕಾಫಿಗೆ ಹಾಕುವುದು ಅದನ್ನೇ ಎಂದನಂತೆ. ಫ್ರಾನ್ಸಿನ ಆ ಉತ್ತರ ಭಾಗ ಚಿಕೋರಿ ಬೆಳೆಯುವ ನಾಡು, ಓರ್ಷಿಯಲ್ಲಿ ಅದನ್ನು ಹುರಿಯುವ ದೊಡ್ಡ ಕಾರ್ಖಾನೆಯೇ ಇದೆ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ತಡೆ ಹಾಕಿದಾಗ ಹಡಗಿನಲ್ಲಿ ಬರುವ ಕಾಫಿ ವಿರಳವಾಯಿತು, ಯುರೋಪಿನ ಜನ ಈ ಬೇರಿನ ಕಡೆಗೆ ತಿರುಗಿದರು. ಆಮೇಲೆ ಕಾಫಿ ಬಂದರೂ ಆ ಕಡೆಯವರು ಬೇರನ್ನು ಬಿಡಲಿಲ್ಲ. ನಮ್ಮ ಗಿರಣಿಗೆ ಚಿಕೋರಿ ಬರುವುದು ಗುಜರಾತಿನಿಂದ. ತಮ್ಮನಿಗೆ ಅದು ಹಾಸ್ಟೆಲಿನ ಎದುರಿನ ಅಂಗಡಿಯಲ್ಲೇ ಇತ್ತು.

ಆಯಿ ಕಟ್ಟಿದ ಪೊಟ್ಟಣವನ್ನು ಬಿಚ್ಚಲಿಲ್ಲ. "ಇರಲಿ, ಜನವರಿಗೆ ಹೋಗಲಿ" ಎಂದು ಫಿಲ್ಟರಿನ ಪಕ್ಕ ಇಟ್ಟಳು.

ಅಲ್ಲಿಯ ಅಂಗಡಿಯಲ್ಲಿ ಚಿಕೋರಿಯ ಎರಡು ಬಗೆ ಇವೆ. ನೀರಿಗೆ ಹಾಕಿದ ಕೂಡಲೇ ಕರಗುವ ಪುಡಿ ಫಿಲ್ಟರಿಗೆ ಬೇಡ. ಅದು ಮೊದಲ ನೀರಿಗೇ ಹರಿದುಹೋಗುತ್ತದೆ, ಪದರದಲ್ಲಿ ಉಳಿದು ತಡೆಯುವುದಿಲ್ಲ. ಹುರಿದು ಒಡೆದ ಕಾಳಿನಂಥದ್ದು ಬೇಕು. ಕಾಳು ದಪ್ಪವಿದ್ದುದರಿಂದ ಕಾಫಿಯಷ್ಟು ನಯ ಮಾಡಬೇಕಿತ್ತು, ಅವನಲ್ಲಿ ಮಿಕ್ಸಿ ಇಲ್ಲ. ಚಿಕೋರಿ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಮೆತ್ತಗಿದ್ದಾಗ ಒಡೆಯದೆ ಹಪ್ಪಳವಾಗುತ್ತದೆ. ಹಾಗಾಗಿ ತಟ್ಟೆಯಲ್ಲಿ ಹರಡಿ ಕೋಣೆಯನ್ನು ಬೆಚ್ಚಗಿಡುವ ಹೀಟರಿನ ಮೇಲೆ ಒಂದು ರಾತ್ರಿ ಇಡಲು ಹೇಳಿದೆ. ಬೆಳಿಗ್ಗೆ ಗರಿಗರಿಯಾಗಿತ್ತು. ದಪ್ಪ ಕಾಗದದ ನಡುವೆ ಹಾಕಿ ಗಾಜಿನ ಬಾಟಲಿ ಉರುಳಿಸಿ ಪುಡಿ ಮಾಡಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ.

ಪಾಲು ಹೀಗೆ ನಿಂತಿತು: ತಲೆಮಟ್ಟ ಮಾಡಿದ ಊಟದ ಚಮಚದಲ್ಲಿ ಕಾಫಿ ನಾಲ್ಕು, ಚಿಕೋರಿ ಒಂದು. ಒಟ್ಟು ಸುಮಾರು 25 ಗ್ರಾಂ, ಲೋಟದಲ್ಲಿ ಒಂದು ಇಂಚಿನ ಪದರ. ಮೊದಲಿಗೆ 30 ಮಿಲಿ ನೀರು ಮಾತ್ರ ಸುತ್ತಲೂ ಸುರಿದು ಒಂದು ನಿಮಿಷ ಬಿಡಬೇಕು, ಪುಡಿ ಉಬ್ಬಿ ಗಾಳಿ ಬಿಡುತ್ತದೆ. ಅಂಗಡಿಯ ಫಿಲ್ಟರಿನಲ್ಲಿರುವ ಕಾಂಡದ ಬಿಲ್ಲೆ ಅವನಲ್ಲಿಲ್ಲ. ಅದರ ಕೆಲಸ ನೀರಿನ ಧಾರೆ ಪುಡಿಯಲ್ಲಿ ಗುಂಡಿ ತೋಡದಂತೆ ನೋಡುವುದು, ಅದಕ್ಕೆ ಚಮಚದ ಬೆನ್ನು ಸಾಕು. ಉಬ್ಬಿದ ಪುಡಿಯನ್ನು ಚಮಚದ ಬೆನ್ನಿನಿಂದ ಮೃದುವಾಗಿ ಸಮ ಮಾಡಿ, ಉಳಿದ 90 ಮಿಲಿಯನ್ನು ಅದೇ ಬೆನ್ನಿನ ಮೇಲೆ ಬೀಳಿಸಬೇಕು. ಬಲವಾಗಿ ಒತ್ತಿದರೆ ಗಂಟೆಯಾದರೂ ಇಳಿಯುವುದಿಲ್ಲ. ಮುಗಿದ ಮೇಲೆ ಪದರದ ಮೇಲ್ಮೈ ನೋಡಬೇಕು. ಒಂದು ಕಡೆ ಗುಂಡಿ ಬಿದ್ದಿದ್ದರೆ ನೀರೆಲ್ಲ ಅಲ್ಲೇ ಓಡಿದೆ, ಉಳಿದ ಪುಡಿ ಸುಮ್ಮನೆ ದಂಡ.

ಹದಿನೆಂಟು ನಿಮಿಷಕ್ಕೆ ಇಳಿಯಿತು. ಭರಣಿ ಓರೆ ಮಾಡಿ ಫೋನಿನ ಎದುರು ಹಿಡಿದ. ಗಾಜಿನ ಮೇಲೆ ಡಿಕಾಕ್ಷನ್ ಕಂದು ಪೊರೆಯಾಗಿ ನಿಂತು, ನಿಧಾನವಾಗಿ ಕೆಳಗೆ ಸರಿಯಿತು.

ಇಳಿಯುವಷ್ಟು ಹೊತ್ತಿಗೆ ಆರುವುದೊಂದು ತೊಂದರೆ. ಇಲ್ಲಿ ಫಿಲ್ಟರನ್ನು ಒಲೆಯ ಕಟ್ಟೆಯ ಮೇಲೆ ಇಡುತ್ತೇವೆ, ಅಲ್ಲಿ ಡಿಸೆಂಬರಿನ ಚಳಿ. ಲೋಟ, ಭರಣಿ ಎರಡನ್ನೂ ಮೊದಲು ಬಿಸಿನೀರಿನಲ್ಲಿ ತೊಳೆದು, ಭರಣಿಯನ್ನು ಬಿಸಿನೀರಿನ ಬಟ್ಟಲಲ್ಲಿ ನಿಲ್ಲಿಸಿ ಇಳಿಸಿದರೆ ಸಾಕು. ತಣ್ಣಗಿನ ಗಾಜಿಗೆ ಕುದಿಯುವ ನೀರು ನೇರ ಸುರಿಯಬಾರದು, ಸೀಳುತ್ತದೆ. ಆರಿದ ಡಿಕಾಕ್ಷನ್ ಕುದಿಸುವುದಂತೂ ಬೇಡವೇ ಬೇಡ.

ನೀರು

ಡಿಸೆಂಬರಿನಲ್ಲಿ ಅವನು ಹೇಳಿದ: "ದಪ್ಪ ಬಂತು ಅಕ್ಕಾ, ಬಣ್ಣ ಬಂತು. ಆದರೂ ಸಪ್ಪೆ." ಪುಡಿ ಬದಲಿಸುವ ಮೊದಲು ಕೆಟಲಿನ ಒಳಗೆ ತೋರಿಸು ಎಂದೆ. ತಳದಲ್ಲಿ ಸುಣ್ಣದ ಬಿಳಿ ಹೆಪ್ಪು. ಆ ಊರಿನ ನೀರು ಸುಣ್ಣಕಲ್ಲಿನ ನೆಲದಿಂದ ಬರುವ ಗಡಸು ನೀರು. ನಮ್ಮದು ಜಂಬಿಟ್ಟಿಗೆಯ ನೆಲ, ಬಾವಿಯ ನೀರು ಮೆದು. ವರ್ಷಗಟ್ಟಲೆ ಕಾಯಿಸಿದರೂ ನಮ್ಮ ಮನೆಯ ಪಾತ್ರೆಗೆ ಅಂಥ ಹೆಪ್ಪು ಹಿಡಿದಿಲ್ಲ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಕಾಫಿಯ ಆಮ್ಲವನ್ನು ತಿಂದುಹಾಕುತ್ತದೆ. ನಾಲಿಗೆಗೆ ಚುರುಕು ಕೊಡುವುದು ಆ ಆಮ್ಲವೇ. ಅದು ಹೋದರೆ ಎಷ್ಟು ಪುಡಿ ಹಾಕಿದರೂ ಮಂಕು.

ಖರ್ಚಿಲ್ಲದ ಉಪಾಯ, ನೀರನ್ನು ಐದು ನಿಮಿಷ ಚೆನ್ನಾಗಿ ಕುದಿಸಿ ಆರಲು ಬಿಡುವುದು. ಬೈಕಾರ್ಬನೇಟಿನ ಒಂದು ಭಾಗ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಮತ್ತೆ ಕಾಯಿಸಬೇಕು. ಇದರಿಂದ ಅರ್ಧ ಸರಿಯಾಯಿತು. ಪೂರ್ತಿ ಸರಿಯಾದದ್ದು ಖನಿಜ ಕಡಿಮೆಯಿರುವ ಬಾಟಲಿ ನೀರಿನಲ್ಲಿ. ಅಲ್ಲಿ ಹೆಚ್ಚಿನ ಬಾಟಲಿಗಳ ಮೇಲೆ ಲೀಟರ್ ನೀರು ಇಂಗಿಸಿದರೆ ಎಷ್ಟು ಮಿಲಿಗ್ರಾಂ ಉಳಿಯುತ್ತದೆ ಎಂದು ಅಚ್ಚು ಹಾಕಿರುತ್ತಾರೆ. 150ರ ಒಳಗಿರುವುದನ್ನು ತೆಗೆದುಕೋ ಎಂದೆ. ಒಮ್ಮೆಗೆ ಬೇಕಾದದ್ದು 120 ಮಿಲಿ, ಒಂದೂವರೆ ಲೀಟರಿನ ಬಾಟಲಿ ಹನ್ನೆರಡು ಸಲಕ್ಕೆ ಬರುತ್ತದೆ. ಪಾತ್ರೆ ತೊಳೆಯಲು, ಭರಣಿ ಬಿಸಿ ಮಾಡಲು ನಲ್ಲಿಯದೇ ಸಾಕು.

ಹಾಲು

ಇದು ಸಣ್ಣ ಕೆಲಸ. ಅಲ್ಲಿ ಹೆಚ್ಚಾಗಿ ಸಿಗುವುದು ಅತಿ ಬಿಸಿಗೆ ಕಾಯಿಸಿ ಡಬ್ಬಿ ತುಂಬಿದ, ಅರ್ಧ ಕೊಬ್ಬು ತೆಗೆದ ಹಾಲು. ಶೈತ್ಯದ ಕಪಾಟಿನಲ್ಲಿ ಇಡುವ, ಕೊಬ್ಬು ತೆಗೆಯದ ಹಾಲು ಕೊಳ್ಳಬೇಕು. ಅದೂ ನಮ್ಮ ಕೊಟ್ಟಿಗೆಯ ಹಾಲಿನಷ್ಟು ದಪ್ಪವಿಲ್ಲ. 280 ಮಿಲಿಯನ್ನು ಸಣ್ಣ ಉರಿಯಲ್ಲಿ ಕಲಕುತ್ತ 220 ಮಿಲಿಗೆ ಇಳಿಸಿದರೆ ಎರಡು ಲೋಟಕ್ಕೆ ಹದ. ಹಾಲು ಉಕ್ಕುವ ಹಂತಕ್ಕೆ ಬಂದಾಗ ಇಳಿಸಿ ಲೋಟಕ್ಕೆ 35 ಮಿಲಿ ಡಿಕಾಕ್ಷನ್, 110 ಮಿಲಿ ಹಾಲು, ಸಕ್ಕರೆ, ಎತ್ತರದಿಂದ ಎರಡು ಸಲ ಹೊಯ್ದು ನೊರೆ.

ಆ ಬೆಳಿಗ್ಗೆ ಆಯಿ ಕೇಳುವ ಮೊದಲೇ ಅವನು ಹೇಳಿದ: "ಆಯಿ, ಆಸರಿಗೆ ಕಾಫಿ ಆಯಿತು." ಆಯಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಎರಡನೇ ಲೋಟ ಯಾರಿಗೆ?" ಎಂದಳು. ಓರ್ಷಿಯ ಹುಡುಗನಿಗೆ ಎಂದ.

ಜನವರಿ

ಓರ್ಷಿಯ ಹುಡುಗನ ಹಿಂದೆ ಇನ್ನಿಬ್ಬರು ಬಂದರು. ನಾಲ್ಕು ಲೋಟಕ್ಕೆಂದು ತಮ್ಮ ಅದೇ ಲೋಟಕ್ಕೆ ಎರಡರಷ್ಟು ಪುಡಿ, ಎರಡರಷ್ಟು ನೀರು ಹಾಕುತ್ತೇನೆ ಎಂದ. ಅದು ಆಗದು. ಪದರ ಎರಡರಷ್ಟು ದಪ್ಪವಾದರೆ ಹರಿವು ಅರ್ಧಕ್ಕೆ ಇಳಿಯುತ್ತದೆ, ಇಳಿಯಬೇಕಾದ ನೀರೂ ಎರಡರಷ್ಟು. ಹದಿನೆಂಟು ನಿಮಿಷದ್ದು ಒಂದು ಗಂಟೆ ದಾಟುತ್ತದೆ, ಅಷ್ಟರಲ್ಲಿ ಕಹಿ ಎಲ್ಲ ಕೆಳಗೆ. ಹೆಚ್ಚು ಜನಕ್ಕೆ ಬೇಕೆಂದರೆ ಪದರದ ದಪ್ಪ ಹಾಗೇ ಇಟ್ಟು ಪಾತ್ರೆಯ ಅಗಲ ಹೆಚ್ಚಿಸಬೇಕು.

ಆ ಹೊತ್ತಿಗೆ ಹೊನ್ನಾವರದ ಹುಡುಗಿ ಫಿಲ್ಟರ್ ತಲುಪಿಸಿದಳು. ಆಯಿ ಕಳಿಸಿದ್ದು ಮನೆಯ ದೊಡ್ಡ ಫಿಲ್ಟರ್, ಒಂಬತ್ತು ಸೆಂಟಿಮೀಟರ್ ಅಗಲದ್ದು. ಅವನು ಸಡಗರದಿಂದ ದಿನದ 25 ಗ್ರಾಮನ್ನೇ ಅದಕ್ಕೆ ಹಾಕಿದರೆ ಪುಡಿ ಬರೀ ಒಂದು ಸೆಂಟಿಮೀಟರಿನಷ್ಟು ಎತ್ತರ ನಿಂತಿತು, ಡಿಕಾಕ್ಷನ್ ಓಡಿ ಇಳಿಯಿತು. ಆ ಅಗಲಕ್ಕೆ ಒಂದು ಇಂಚು ನಿಲ್ಲಬೇಕೆಂದರೆ 60 ಗ್ರಾಂ ಬೇಕು, ನೀರು 290 ಮಿಲಿ. ಸಿಗುವುದು 170 ಮಿಲಿ, ಐದು ಲೋಟಕ್ಕೆ ಸರಿ. ಹಾಗಾಗಿ ಮನೆಯ ಫಿಲ್ಟರ್ ಭಾನುವಾರಕ್ಕೆ, ತೂತಿನ ಲೋಟ ಉಳಿದ ದಿನಗಳಿಗೆ.

ಈಗ ತಿಂಗಳಿಗೊಮ್ಮೆ ಪುಡಿ ಕಳಿಸುತ್ತೇನೆ. ಎರಡು ಪಾಲು ಪೀಬರಿ, ಒಂದು ಪಾಲು ರೋಬಸ್ಟಾ, ಬಟ್ಟೆಯ ಬಿಲ್ಲೆ ಇರುವುದರಿಂದ ನಮ್ಮ ದಿನದ ಹದಕ್ಕಿಂತ ಒಂದು ಕೂದಲು ತರಿಯಾಗಿ ಬೀಸಿದ್ದು. ಚಿಕೋರಿ ಬೆರೆಸುವುದಿಲ್ಲ, ಅದು ಅವನಿಗೆ ಅಲ್ಲೇ ಸಿಗುತ್ತದೆ.